ಫೋಟೋ ನೋಡಿ ಜೇಡ ಗುರುತಿಸುವುದು: ಮನೆಯಲ್ಲಿ ಯಾವುದನ್ನು ಬಿಡಬಹುದು, ಯಾವುದಕ್ಕೆ ಹುಷಾರಾಗಿರಬೇಕು

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಅಕ್ಕ ಒಂದು ಫೋಟೋ ಕಳಿಸಿದಳು. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯ ಅಡಿ. ಸೀಟಿಗೂ ಕಾಲಿಗೂ ಮಧ್ಯದ ಮೂಲೆಯಲ್ಲಿ ಕಂದು ಬಣ್ಣದ ಒಂದು ಉಂಡೆ, ಸುತ್ತ ಕಾಲುಗಳು, ಎಲ್ಲವೂ ಮಸುಕು. ಜೊತೆಗೆ ಒಂದೇ ಸಾಲು: "ಇದು ವಿಷದ್ದಾ, ನೋಡೋ."

ನಾನು ಎರಡು ಸೆಕೆಂಡು ನೋಡಿ "ಮನೆ ಜೇಡ, ಬಿಡು" ಅಂತ ಬರೆದೆ. ರಾತ್ರಿ ಮಲಗುವ ಮುಂಚೆ ಸುಮ್ನೆ ಮತ್ತೆ ತೆಗೆದು ನೋಡಿದರೆ, ಚಿತ್ರದ ಅಂಚಿನಲ್ಲಿ ಜೋಳದ ಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿ ಗೋಲಿ ಕಂಡಿತು. ಅದರ ಮೈತುಂಬ ಮುಳ್ಳು. ಕೂಡಲೇ ಫೋನ್ ಮಾಡಿ "ಆ ಕುರ್ಚಿ ಮುಟ್ಟಬೇಡ" ಅಂದೆ. ನಾನು ಜೇಡವನ್ನೇ ನೋಡುತ್ತಾ ಕೂತಿದ್ದೆ, ಅದರ ಪಕ್ಕದಲ್ಲಿ ಇದ್ದದ್ದನ್ನು ನೋಡಿರಲಿಲ್ಲ.

ಈ ಬರಹ ಆ ತಪ್ಪಿನಿಂದಲೇ ಹುಟ್ಟಿದ್ದು. ಫೋಟೋದಲ್ಲಿ ಜೇಡದ ಬಣ್ಣ ನೋಡಿ ತೀರ್ಮಾನ ಮಾಡಿದರೆ ಬಹಳ ಸಲ ಎಡವುತ್ತೇವೆ. ಬಣ್ಣ ಬೆಳಕಿಗೆ ಬದಲಾಗುತ್ತದೆ, ವಯಸ್ಸಿಗೆ ಬದಲಾಗುತ್ತದೆ, ಫೋನಿನ ಕ್ಯಾಮೆರಾಕ್ಕೂ ಬದಲಾಗುತ್ತದೆ. ಬಲೆ, ಮೈಯ ಆಕಾರ, ಮೊಟ್ಟೆಚೀಲ ಇವು ಮೂರು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಅವನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಮಾತು ಪೂರ್ತಿ ಕರ್ನಾಟಕದ ಮನೆಗಳ ಬಗ್ಗೆ. ಬೇರೆ ದೇಶದಲ್ಲಿ ಇರುವವರಿಗೆ ಅಲ್ಲಿನ ಪಟ್ಟಿ ಬೇರೆಯೇ ಇರುತ್ತದೆ.

ಮೊದಲೇ ಒಂದು ಮಾತು. "ವಿಷ ಇದೆಯಾ?" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಹೆಚ್ಚುಕಡಿಮೆ ಎಲ್ಲ ಜೇಡಕ್ಕೂ ವಿಷ ಇದೆ. ಬಹುಪಾಲು ಜೇಡಗಳಲ್ಲಿ ಅದು ನೊಣ, ಸೊಳ್ಳೆ ಸಾಯುವಷ್ಟು ಮಾತ್ರ. ಬಹಳಷ್ಟು ಜೇಡಗಳ ಹಲ್ಲು ನಮ್ಮ ಚರ್ಮ ದಾಟುವುದೇ ಕಷ್ಟ. ನಾವು ಕೇಳಬೇಕಾದದ್ದು, ಇದು ಕಚ್ಚಿದರೆ ನಮಗೆ ತೊಂದರೆ ಆಗುತ್ತದಾ, ಕಚ್ಚುವ ಸಂದರ್ಭ ಬರುತ್ತದಾ ಅಂತ.

ಮೊದಲು ಫೋಟೋ ಸರಿಯಾಗಿ ತೆಗೆಯಿರಿ

ಒಂದು ಫೋಟೋ ಸಾಲದು, ಮೂರು ಬೇಕು. ಒಂದು ದೂರದಿಂದ. ಒಂದೆರಡು ಅಡಿ ಹಿಂದೆ ನಿಂತು, ಬಲೆ ಪೂರ್ತಿ ಬರುವ ಹಾಗೆ, ಅದು ಎಲ್ಲಿ ಕಟ್ಟಿದೆ ಅಂತ ಗೊತ್ತಾಗುವ ಹಾಗೆ. ಇನ್ನೊಂದು ಹತ್ತಿರದಿಂದ, ಜೇಡದ ಬೆನ್ನು ಕಾಣುವಂತೆ. ಮೂರನೆಯದು ಹೊಟ್ಟೆಯ ಅಡಿ. ಇದನ್ನು ಯಾರೂ ತೆಗೆಯುವುದಿಲ್ಲ. ಆದರೆ ಬಹಳ ಸಲ ಉತ್ತರ ಇರುವುದು ಅಲ್ಲೇ.

ಫ್ಲ್ಯಾಶ್ ಬೇಡ. ಜೇಡದ ಮೈ ಹೊಳೆದು ಗುರುತುಗಳೆಲ್ಲ ಅಳಿಸಿಹೋಗುತ್ತವೆ, ಬಲೆಯಂತೂ ಕಾಣುವುದೇ ಇಲ್ಲ. ಇನ್ನೊಬ್ಬರ ಕೈಲಿ ಟಾರ್ಚ್ ಕೊಟ್ಟು ಪಕ್ಕದಿಂದ ಬೆಳಕು ಬಿಡಿಸಿ. ಆಗ ಒಂದೊಂದು ಎಳೆಯೂ ಬೆಳಗುತ್ತದೆ.

ಅಳತೆ ಗೊತ್ತಾಗಲು ಬೆರಳು ಹಿಡಿಯಬೇಡಿ. ಗೋಡೆಯ ಮೇಲಿದ್ದರೆ ಪಕ್ಕದ ಸ್ವಿಚ್ ಅಥವಾ ಟೈಲ್ಸ್ ಸಂದು ಚೌಕಟ್ಟಿನೊಳಗೆ ಬರಲಿ, ಅದೇ ಅಳತೆಗೋಲು. ನೆಲದ ಹತ್ತಿರ ಇದ್ದರೆ ಒಂದು ರೂಪಾಯಿ ನಾಣ್ಯ ಇಡಿ, ಅದು ಸುಮಾರು 2 ಸೆಂಟಿಮೀಟರ್ ಅಗಲ. ಜೇಡದ ಅಳತೆ ಹೇಳುವಾಗ ಮೈ ಬೇರೆ, ಕಾಲು ಬೇರೆ. "ಅಂಗೈಯಷ್ಟಿತ್ತು" ಅಂತ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಕಾಲೇ ಇರುತ್ತದೆ.

ಸಮಯವೂ ಮುಖ್ಯ. ಸಿಕ್ಕುಸಿಕ್ಕಾದ ಬಲೆಯಲ್ಲಿ ಹಗಲು ಯಾರೂ ಕಾಣದಿದ್ದರೆ ರಾತ್ರಿ ಎಂಟು ಗಂಟೆಯ ಮೇಲೆ ನೋಡಿ. ಹಗಲೆಲ್ಲ ಸಂದಿಯಲ್ಲಿ ಮುದುಡಿ ಕೂತಿದ್ದು, ಕತ್ತಲಾದ ಮೇಲೆ ಬಲೆಯ ನಡುವೆ ಬಂದು ತಲೆಕೆಳಗಾಗಿ ತೂಗುವುದು ಈ ಗುಂಪಿನ ಹಲವು ಜೇಡಗಳ ಅಭ್ಯಾಸ.

ಬಲೆ ಇದೆಯಾ, ಇದ್ದರೆ ಎಂಥದ್ದು

ಫೋಟೋ ಬಂದ ಕೂಡಲೇ ಜೇಡವನ್ನು ಹೆಬ್ಬೆರಳಿನಿಂದ ಮುಚ್ಚಿಬಿಡಿ. ತಮಾಷೆಯಲ್ಲ, ನಾನು ಈಗ ಹಾಗೇ ಮಾಡುತ್ತೇನೆ. ಜೇಡ ಕಂಡರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಮುಚ್ಚಿದರೆ ಬಲೆ ಕಾಣುತ್ತದೆ.

ಗಾಡಿ ಚಕ್ರದ ಹಾಗೆ ಕಡ್ಡಿ ಕಡ್ಡಿಯಾಗಿ, ಸುತ್ತು ಸುತ್ತಾಗಿ ನೇಯ್ದ ಬಲೆ ಇದ್ದರೆ ನಿಶ್ಚಿಂತೆ. ನಮ್ಮ ಕಡೆ ಚಕ್ರಬಲೆ ನೇಯುವ ಯಾವ ಜೇಡವೂ ಮನುಷ್ಯನಿಗೆ ಅಪಾಯದ್ದಲ್ಲ. ತೋಟದ ಬಲೆಯಲ್ಲಿ ಅಡ್ಡಡ್ಡ ಬಿಳಿ ಗೀಚು ಹಾಕಿಕೊಂಡು ಕೂರುವ ಪಟ್ಟೆ ಜೇಡವೂ ಅಷ್ಟೇ. ಕಾಡಂಚಿನ ಮನೆಗಳ ಮುಂದೆ ಹಳದಿ ಹೊಳಪಿನ ದೊಡ್ಡ ಬಲೆ ಕಟ್ಟುವ ಭಾರಿ ಜೇಡವೂ ಅಷ್ಟೇ. ಮನೆಯೊಳಗೆ, ಸ್ಟೋರ್ ರೂಮಿನಲ್ಲೋ ಮೆಟ್ಟಿಲ ಕೆಳಗೋ, ಚಿಕ್ಕ ಚಕ್ರಬಲೆ ತಟ್ಟೆಯ ಹಾಗೆ ಅಡ್ಡಲಾಗಿ ಮಲಗಿದ್ದರೆ ಅದು ಬಹುಶಃ ಝೋಸಿಸ್ ಅನ್ನುವ ಬೂದು ಜೇಡದ್ದು. ಅದಕ್ಕೆ ವಿಷದ ಗ್ರಂಥಿಯೇ ಇಲ್ಲ. ಹೆಚ್ಚುಕಡಿಮೆ ಎಲ್ಲ ಜೇಡಕ್ಕೂ ಅಂದೆನಲ್ಲ, ಬಿಟ್ಟುಹೋದದ್ದು ಇಂಥ ಕೆಲವು. ಇದು ಬೇಟೆಯನ್ನು ನೂಲಿನಲ್ಲಿ ಬಿಗಿಯಾಗಿ ಸುತ್ತಿಯೇ ಮುಗಿಸುತ್ತದೆ.

ಗೋಡೆಗೆ ಅಂಟಿದ ಕಿರುಬೆರಳ ಉಗುರಗಲದ ಬಿಳಿ ನಕ್ಷತ್ರದಂಥ ಬಲೆಯೂ ಕಾಣಬಹುದು. ಅದರ ಅಡಿಯಲ್ಲಿ ಇರುವುದು ಎರಡು ಮೂರು ಮಿಲಿಮೀಟರಿನ ಜೇಡ, ಇರುವೆ ಹಿಡಿದು ತಿನ್ನುತ್ತದೆ. ಮರೆತುಬಿಡಿ.

ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಹಿಡಿದ ಹಾಳೆಯಂಥ ಬಲೆ, ಅದರ ಒಂದು ಮೂಲೆಯಲ್ಲಿ ಆಲಿಕೆಯ ಹಾಗೆ ತೂತು ಕಂಡರೆ ಕೆಲವರು ಹೆದರುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ "ಫನಲ್ ವೆಬ್" ಅಂತ ಆಸ್ಟ್ರೇಲಿಯಾದ ಭಯಂಕರ ಜೇಡ ಬರುತ್ತದೆ. ಅದು ಸಿಡ್ನಿಯ ಆಸುಪಾಸಿನದು, ಇಲ್ಲಿಲ್ಲ. ನಮ್ಮ ಹುಲ್ಲುಹಾಸಿನದು ತೋಳ ಜೇಡದ ಗುಂಪಿಗೆ ಸೇರಿದ ಪಾಪದ ಪ್ರಾಣಿ. ಬಲೆಯ ಆಕಾರ ಒಂದೇ ಅಂತ ಜೇಡವೂ ಒಂದೇ ಆಗಬೇಕಿಲ್ಲ.

ಬಿಳಿ ಹತ್ತಿಯ ತುಂಡಿನಂಥ ಚಿಕ್ಕ ಚೀಲ, ಎರಡು ಕಡೆ ಬಾಯಿ, ಗೋಡೆ ಮತ್ತು ಚಾವಣಿ ಸೇರುವ ಕಡೆಯೋ ಪರದೆಯ ಮಡಿಕೆಯಲ್ಲೋ ಇದ್ದರೆ ಸ್ವಲ್ಪ ನಿಲ್ಲಿ. ಇಂಥ ಚೀಲದಲ್ಲಿ ಇಬ್ಬರು ಮಲಗುತ್ತಾರೆ. ಒಂದು ಜಿಗಿಯುವ ಜೇಡ. ಗಿಡ್ಡ ಮೈ, ಮುಖದ ಮುಂದೆ ಗಾಡಿ ದೀಪದಂಥ ಎರಡು ದೊಡ್ಡ ಕಣ್ಣು, ನಾವು ನೋಡಿದರೆ ತಾನೂ ತಿರುಗಿ ನೋಡುತ್ತದೆ. ಇದು ನಿರಪಾಯ. ಇನ್ನೊಂದು ಮಾಸಲು ಹಳದಿ ಅಥವಾ ತಿಳಿಹಸಿರು ಮೈಯ ಚೀಲದ ಜೇಡ. ಒಂದು ಸೆಂಟಿಮೀಟರಿನಷ್ಟು ಅಥವಾ ಅದಕ್ಕೂ ಕಡಿಮೆ. ಮುಂಗಾಲು ಉಳಿದವಕ್ಕಿಂತ ಉದ್ದ, ದವಡೆಯ ತುದಿ ಮಾತ್ರ ಕಪ್ಪು, ಮಸಿಯಲ್ಲಿ ಅದ್ದಿದ ಹಾಗೆ. ಇದು ರಾತ್ರಿ ಓಡಾಡುವಾಗ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡರೆ ಕಚ್ಚುತ್ತದೆ. ಕಣಜ ಕುಟುಕಿದಷ್ಟು ಉರಿ, ಕೆಂಪು, ಬಾವು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಪಾಯದ್ದು ಅನ್ನುವುದಕ್ಕಿಂತ ಕಿರಿಕಿರಿಯದ್ದು ಅನ್ನಬಹುದು.

ಉಳಿದದ್ದು ಎರಡು. ಬಲೆಯೇ ಇಲ್ಲದವು, ಮತ್ತು ಕ್ರಮವೇ ಇಲ್ಲದೆ ಸಿಕ್ಕಾದ ಬಲೆಯವು. ನಿಜವಾದ ಕೆಲಸ ಇರುವುದು ಎರಡನೆಯದರಲ್ಲಿ.

ಬಲೆ ಇಲ್ಲದೆ ಗೋಡೆ ಮೇಲೆ ಕೂತಿದ್ದರೆ ಕಾಲು ನೋಡಿ

ಬಚ್ಚಲುಮನೆಯಲ್ಲಿ ರಾತ್ರಿ ದೀಪ ಹಾಕಿದ ತಕ್ಷಣ ಎದೆ ಝಲ್ಲೆನ್ನಿಸುವ ದೊಡ್ಡ ಜೇಡ ಒಂದಿದೆಯಲ್ಲ, ಅದರ ಹೆಸರು ಹಂಟ್ಸ್‌ಮನ್. ಕಾಲು ಹರಡಿದರೆ ಹತ್ತು ಸೆಂಟಿಮೀಟರ್ ಆಗುತ್ತದೆ. ಫೋಟೋದಲ್ಲಿ ಮೂರು ಗುರುತು ನೋಡಿ. ಮೈ ಚಪ್ಪಟೆ, ಇಸ್ತ್ರಿ ಹಾಕಿದ ಹಾಗೆ. ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿಕೊಂಡು ಗೋಡೆಗೆ ಒತ್ತಿಕೊಂಡಿರುತ್ತವೆ. ಕಣ್ಣುಗಳ ಕೆಳಗೆ ಬಿಳಿ ಮೀಸೆಯಂಥ ಒಂದು ಪಟ್ಟಿ. ಹೆಣ್ಣಾದರೆ ಹೊಟ್ಟೆಯ ಅಡಿಯಲ್ಲಿ ಚಪ್ಪಟೆ ಬಿಳಿ ಬಿಲ್ಲೆಯನ್ನು ಹಿಡಿದುಕೊಂಡು ಓಡಾಡುವುದೂ ಉಂಟು. ಅದು ಮೊಟ್ಟೆಚೀಲ. ಜಿರಳೆ ತಿನ್ನುವ ಪ್ರಾಣಿ. ಕೈಯಲ್ಲಿ ಹಿಡಿದರೆ ಕಚ್ಚುತ್ತದೆ, ನೋವೂ ಆಗುತ್ತದೆ, ಅದರಾಚೆ ಏನಿಲ್ಲ.

ಇದನ್ನು ಟ್ಯಾರಂಟುಲಾ ಅಂತ ತಿಳಿಯುವುದು ದಿನನಿತ್ಯದ ತಪ್ಪು. ಹಾಗಂತ ಟ್ಯಾರಂಟುಲಾ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ, ರಸ್ತೆ ಬದಿಯ ದರೆಯ ಬಿಲಗಳಲ್ಲಿ ಇವೆ. ಮಲೆನಾಡಿನ ಕಾಡಂಚಿನ ಮನೆಗೆ, ಮುಖ್ಯವಾಗಿ ಮಳೆಗಾಲದಲ್ಲಿ, ಗಂಡು ಜೇಡ ಹೆಣ್ಣನ್ನು ಹುಡುಕುತ್ತಾ ಬಂದು ಸೇರಿಕೊಳ್ಳುವುದುಂಟು. ವ್ಯತ್ಯಾಸ ಕಾಲಿನ ತುದಿಯಲ್ಲಿದೆ. ಹಂಟ್ಸ್‌ಮನ್ ಕಾಲು ತುದಿಗೆ ಹೋಗುತ್ತಾ ಸಪೂರ ಆಗುತ್ತದೆ. ಟ್ಯಾರಂಟುಲಾ ಕಾಲು ತುದಿಯವರೆಗೂ ದಪ್ಪ, ಕೊನೆಯಲ್ಲಿ ಬ್ರಷ್ ಹಾಗೆ ಮೊಂಡು. ಮೈತುಂಬ ದಟ್ಟ ಕೂದಲು. ಹಿಂದೆ ಎರಡು ಪುಟ್ಟ ಬೆರಳಿನಂಥ ನೂಲುವ ಅಂಗಗಳು ಹೊರಗೆ ಕಾಣುತ್ತವೆ. ಮರದಲ್ಲಿ ವಾಸಿಸುವ ಪೋಸಿಲೊಥೇರಿಯಾ ಗುಂಪಿನವಕ್ಕೆ ಬೂದು-ಕಪ್ಪು ಚಿತ್ತಾರದ ಮೈ. ಕೆಣಕಿದಾಗ ಮುಂಗಾಲು ಎತ್ತಿದರೆ ಕೆಲವದರಲ್ಲಿ ಕಾಲಿನ ಅಡಿ ಢಾಳಾದ ಹಳದಿ ಕಾಣುತ್ತದೆ. ಇವು ಕಚ್ಚಿದರೆ ಜೀವಕ್ಕೆ ಅಪಾಯವಿಲ್ಲದಿದ್ದರೂ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಇಂಥದ್ದು ಮನೆಯೊಳಗೆ ಬಂದರೆ ಪೊರಕೆ ಬೇಡ. ಉದ್ದ ಹಿಡಿಯ ಬಕೆಟ್ ಅದರ ಮೇಲೆ ಬೋರಲು ಹಾಕಿ, ಅಡಿಯಲ್ಲಿ ರಟ್ಟು ತೂರಿಸಿ, ಹೊರಗೆ ಮರದ ಬುಡದಲ್ಲಿ ಬಿಡಿ.

ಸಿಕ್ಕುಬಲೆ: ಮೂವರು ಬಾಡಿಗೆದಾರರು

ಈಗ ಅಕ್ಕನ ಕುರ್ಚಿಗೆ ಬರೋಣ. ಅಲ್ಲಿದ್ದದ್ದು ಸಿಕ್ಕುಬಲೆ. ಎಳೆಗಳು ಅಡ್ಡಾದಿಡ್ಡಿ, ಮೂಲೆಯಲ್ಲಿ ತುಸು ದಟ್ಟ, ಕೆಲವು ಎಳೆ ನೇರ ನೆಲಕ್ಕೆ ಇಳಿದಿವೆ. ಮನೆಯಲ್ಲಿ ಇಂಥ ಬಲೆ ಕಟ್ಟುವವರು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಚಾವಣಿ ಮೂಲೆಯ ಉದ್ದಗಾಲಿನ ಜೇಡ. ಹಬ್ಬಕ್ಕೆ ಮನೆ ಧೂಳು ಹೊಡೆಯುವಾಗ ಕೋಲಿಗೆ ಸುತ್ತಿಕೊಂಡು ಬರುವುದು ಹೆಚ್ಚಾಗಿ ಇದರ ಬಲೆಯೇ. ಕಾಲು ಕೂದಲೆಳೆಯಷ್ಟು ಸಪೂರ, ಮೈಗಿಂತ ಎಷ್ಟೋ ಪಟ್ಟು ಉದ್ದ. ಬಲೆ ಮುಟ್ಟಿದರೆ ಮೈಯನ್ನೇ ಗಡಗಡ ಅಲ್ಲಾಡಿಸಿ ಮಸುಕಾಗುತ್ತದೆ. ಫೋಟೋ ಅಲ್ಲ, ವಿಡಿಯೋ ಕಳಿಸಿದರೆ ಈ ಒಂದೇ ಗುರುತು ಸಾಕು. ಒಂದು ಜಾತಿಯಲ್ಲಿ ಹೊಟ್ಟೆಯ ಹಿಂದೆ ಮೇಲಕ್ಕೆ ಮೊನಚು ಇರುತ್ತದೆ, ಇನ್ನೊಂದರಲ್ಲಿ ಹೊಟ್ಟೆ ದುಂಡಗೆ, ಮೈಯೇ ಒಂದು ಸೆಂಟಿಮೀಟರ್. ಆ ದುಂಡು ಹೊಟ್ಟೆಯದ್ದನ್ನು ನೋಡಿ ಹೆದರುವವರು ಕಾಲು ನೋಡಬೇಕು. ಸೊಳ್ಳೆ ತಿನ್ನುವ ಜೇಡ ಇದು, ಬಿಟ್ಟರೆ ಲಾಭವೇ.

ಎರಡನೆಯದು ಮನೆಯ ದುಂಡು ಜೇಡಗಳು. ಕಾಲು ಮಧ್ಯಮ ಉದ್ದ, ಹೊಟ್ಟೆ ಗೋಲಿ. ಕಪಾಟಿನ ಹಿಂದೆ, ಕಿಟಕಿ ಮೂಲೆಯಲ್ಲಿ, ಸಿಂಕ್ ಕೆಳಗೆ ಇರುತ್ತವೆ. ಇವುಗಳಲ್ಲಿ ಒಂದಕ್ಕೆ ಮೈ, ಕಾಲು ಎರಡೂ ಇಟ್ಟಿಗೆ ಕೆಂಪು. ನೆಸ್ಟಿಕೋಡ್ಸ್ ಅನ್ನುತ್ತಾರೆ. ಮೈ ಅರ್ಧ ಸೆಂಟಿಮೀಟರಿನಷ್ಟು. ಕೆಂಪು ಕಂಡ ಕೂಡಲೇ ವಿಷ ಅಂತ ಹೊಡೆದು ಸಾಯಿಸುವುದು ಇದನ್ನೇ ಜಾಸ್ತಿ, ಪಾಪ. ಇನ್ನೊಂದು ಕಂದು-ಬೂದು ಮಚ್ಚೆಯ ಸಾಮಾನ್ಯ ಮನೆ ಜೇಡ. ಇವೆರಡಕ್ಕೂ ಹೆದರಬೇಕಿಲ್ಲ.

ಮೂರನೆಯದು ಬ್ರೌನ್ ವಿಡೋ. ಶಾಸ್ತ್ರದ ಹೆಸರು ಲ್ಯಾಟ್ರೊಡೆಕ್ಟಸ್ ಜಿಯೊಮೆಟ್ರಿಕಸ್. ಮನುಷ್ಯನ ಸಾಮಾನಿನ ಜೊತೆ ಜಗತ್ತಿನ ಎಷ್ಟೋ ಬಿಸಿ ಪ್ರದೇಶಗಳಿಗೆ ಹರಡಿದ ಜೇಡ, ಬೆಂಗಳೂರಿನಲ್ಲೂ ಇದೆ. ಕರ್ನಾಟಕದ ಊರಿನ ಮನೆಯ ಸುತ್ತ ಹುಷಾರಾಗಿರಬೇಕಾದ ಜೇಡ ಅಂತ ಒಂದನ್ನು ಹೆಸರಿಸಿ ಅಂದರೆ ನಾನು ಇದನ್ನು ಹೇಳುತ್ತೇನೆ. ಇದು ಎರಡನೆಯ ಗುಂಪಿನ ಹತ್ತಿರದ ನೆಂಟ. ಅದಕ್ಕೇ ಮಸುಕು ಫೋಟೋದಲ್ಲಿ ನಾನು ಎಡವಿದ್ದು.

ಇವೆರಡನ್ನು ಬೇರ್ಪಡಿಸುವುದು ಹೇಗೆ? ಮೊದಲು ಜಾಗ. ಬ್ರೌನ್ ವಿಡೋ ಮನೆಯ ಒಳಗಿಗಿಂತ ಹೊರಗಿನ ಮೂಲೆಗಳಲ್ಲಿ ಜಾಸ್ತಿ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚಿನ ಒಳಮಡಿಕೆ, ಗೇಟಿನ ಮೂಲೆ, ಮೀಟರ್ ಪೆಟ್ಟಿಗೆ, ಬಹಳ ದಿನ ಓಡಿಸದ ಸೈಕಲ್, ಹೊರಗಿಟ್ಟ ಚಪ್ಪಲಿ ಸ್ಟ್ಯಾಂಡ್. ನೆಲದಿಂದ ಮೊಳಕಾಲೆತ್ತರದೊಳಗೆ, ಕೈ ತೂರಿಸಿ ಎತ್ತುವಂಥ ಜಾಗಗಳು. ಕಚ್ಚಿಸಿಕೊಳ್ಳುವುದೂ ಹಾಗೇ, ಕುರ್ಚಿ ಎಳೆಯಲು ಬೆರಳು ಅಡಿಗೆ ಹಾಕಿದಾಗ.

ಆಮೇಲೆ ಬಲೆಯ ಗಟ್ಟಿತನ. ಇದು ಫೋಟೋದಲ್ಲಿ ಗೊತ್ತಾಗುವುದಿಲ್ಲ, ಕಳಿಸಿದವರನ್ನು ಕೇಳಬೇಕು. ಉದ್ದ ಕಡ್ಡಿಯಿಂದ ಒಂದು ಎಳೆ ಎಳೆಯಲು ಹೇಳಿ. ಮಾಮೂಲಿ ಮನೆ ಜೇಡದ ಬಲೆ ಸದ್ದಿಲ್ಲದೆ ಜೋತು ಬೀಳುತ್ತದೆ. ವಿಡೋ ಬಲೆ ಎಳೆದಷ್ಟು ಬಿಗಿಯಾಗಿ ನಿಂತು, ಆಮೇಲೆ ಪಟಪಟ ಅಂತ ಕಿತ್ತುಬರುತ್ತದೆ.

ಮೈ ನೋಡಿದರೆ, ಬೆಳೆದ ಹೆಣ್ಣಿನ ಮೈ ಒಂದು ಸೆಂಟಿಮೀಟರಿನ ಆಸುಪಾಸು. ಕಾಲು ಉದ್ದ, ಸಪೂರ. ಕಾಲಿನ ಕೀಲುಗಳ ಹತ್ತಿರ ಕಪ್ಪು ಪಟ್ಟೆ, ಬೂದು-ಕಂದು ಕೋಲಿಗೆ ಟೇಪ್ ಸುತ್ತಿದ ಹಾಗೆ. ನಾಲ್ಕು ಜೊತೆಯಲ್ಲಿ ಮೂರನೆಯ ಜೊತೆ ಎದ್ದು ಕಾಣುವಷ್ಟು ಗಿಡ್ಡ. ಬೆನ್ನ ಮೇಲೆ ತಿಳಿಬಣ್ಣದ ಗೀರು, ಚುಕ್ಕಿಗಳ ಚಿತ್ತಾರ. ಆದರೆ ಮೈಬಣ್ಣ ಕೆನೆಯಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೂ ಇರಬಹುದು. ಹೆಸರಲ್ಲಿ ಬ್ರೌನ್ ಇದೆ ಅಂತ ಕಂದನ್ನೇ ಹುಡುಕಬೇಡಿ.

ಕೊನೆಗೆ ಹೊಟ್ಟೆಯ ಅಡಿ. ಅಲ್ಲಿ ಕಿತ್ತಳೆ ಅಥವಾ ಕೆಂಪು ಬಣ್ಣದ ಬುಡುಬುಡುಕೆಯ ಆಕಾರ ಇರುತ್ತದೆ. ಎರಡು ಕಡೆ ಅಗಲ, ನಡು ಸಣ್ಣ. ಬೆಳೆದ ಹೆಣ್ಣಿನಲ್ಲಿ ಇದು ಸ್ಪಷ್ಟ. ನೆಸ್ಟಿಕೋಡ್ಸ್‌ಗೆ ಮೈಯೆಲ್ಲ ಕೆಂಪಿದ್ದರೂ ಈ ಬುಡುಬುಡುಕೆ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಈ ಜೇಡ ಬಲೆಯಲ್ಲಿ ತಲೆಕೆಳಗಾಗಿ ತೂಗುತ್ತದೆ. ಅಂದರೆ ನೆಲದ ಹತ್ತಿರದ ಬಲೆಯನ್ನು ನೀವು ನಿಂತು ಮೇಲಿನಿಂದ ಫೋಟೋ ತೆಗೆದರೆ ಕಾಣುವುದು ಬೆನ್ನಲ್ಲ, ಹೊಟ್ಟೆ. "ಬೆನ್ನ ಮೇಲೆ ಕೆಂಪು ಗುರುತಿದೆ" ಅಂತ ಬರುವ ಎಷ್ಟೋ ಫೋಟೋಗಳಲ್ಲಿ ಅದು ಬೆನ್ನಲ್ಲ, ಅಡಿ. ಯಾವುದು ಅಂತ ತಿಳಿಯಲು ಕಾಲಿನ ಬುಡ ನೋಡಿ. ಎಂಟೂ ಕಾಲು ಮೈಗೆ ಸೇರುವ ಜಾಗ, ಅವುಗಳ ನಡುವಿನ ಚಿಕ್ಕ ಎದೆಗುಪ್ಪೆ ಕಂಡರೆ ಅದು ಹೊಟ್ಟೆಯ ಕಡೆ. ಬೆನ್ನ ಮೇಲೆಯೇ ಕೆಂಪು ಪಟ್ಟಿ ಇರುವ ಕಪ್ಪು ವಿಡೋಗಳೂ ಭಾರತದಲ್ಲಿ ಇವೆ. ಆದರೆ ಅವು ಅಪರೂಪ. ಹೊಳೆಯುವ ಕಪ್ಪು ಗೋಲಿ ಹೊಟ್ಟೆ, ಮೇಲೆ ಕೆಂಪು ಪಟ್ಟಿ ಕಂಡರೆ ಬ್ರೌನ್ ವಿಡೋಗಿಂತ ಇನ್ನೂ ಹೆಚ್ಚು ದೂರ ಇರಿ.

ಮೊಟ್ಟೆಚೀಲ ಸುಳ್ಳು ಹೇಳುವುದಿಲ್ಲ

ಜೇಡ ಓಡುತ್ತದೆ, ಮುದುಡುತ್ತದೆ, ಮಸುಕಾಗುತ್ತದೆ. ಮೊಟ್ಟೆಚೀಲ ಸುಮ್ಮನೆ ಅಲ್ಲೇ ಇರುತ್ತದೆ. ಹಾಗಾಗಿ ಸಿಕ್ಕುಬಲೆಯ ಫೋಟೋ ಬಂದರೆ ನಾನೀಗ ಮೊದಲು ಹುಡುಕುವುದು ಅದನ್ನೇ.

ಬ್ರೌನ್ ವಿಡೋ ಚೀಲ ಕೆನೆ ಬಣ್ಣದ, ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಗೋಲಿ. ಮೈತುಂಬ ನೂಲಿನ ಚೂಪು ಮುಳ್ಳು. ಉಮ್ಮತ್ತಿ ಕಾಯಿಯನ್ನು ಕಡಲೆಕಾಳಿನಷ್ಟಕ್ಕೆ ಕುಗ್ಗಿಸಿ, ಸುಣ್ಣ ಬಳಿದರೆ ಹೇಗೋ ಹಾಗೆ. ನಮ್ಮ ಮನೆಗಳ ಬೇರೆ ಯಾವ ಸಿಕ್ಕುಬಲೆಯಲ್ಲೂ ನಾನು ಇಂಥದ್ದನ್ನು ಕಂಡಿಲ್ಲ. ಒಂದೇ ಬಲೆಯಲ್ಲಿ ಮೂರು ನಾಲ್ಕು ಇರಬಹುದು, ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು.

ಸಾಮಾನ್ಯ ಮನೆ ಜೇಡದ ಚೀಲ ಕಂದು ಕಾಗದದಿಂದ ಮಾಡಿದ ನೀರಿನ ಹನಿಯಂತೆ, ಒಂದು ಕಡೆ ಚೂಪು. ನೆಸ್ಟಿಕೋಡ್ಸ್ ಚೀಲ ಮುಳ್ಳಿಲ್ಲದ ಮಾಸಲು ಬಿಳಿ ಉಂಡೆ. ಚಾವಣಿಯ ಉದ್ದಗಾಲಿಯಂತೂ ಚೀಲವನ್ನೇ ಸರಿಯಾಗಿ ಮಾಡುವುದಿಲ್ಲ. ನಾಲ್ಕು ಎಳೆ ಸುತ್ತಿದ ಮೊಟ್ಟೆಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ, ಬೇಯಿಸಿದ ಸಬ್ಬಕ್ಕಿ ಉಂಡೆ ಕಚ್ಚಿದ ಹಾಗೆ.

ಇದರ ಮಿತಿಯೂ ಗೊತ್ತಿರಲಿ. ಮುಳ್ಳಿನ ಚೀಲ ಇದ್ದರೆ ಬ್ರೌನ್ ವಿಡೋ ಹೌದು. ಚೀಲ ಇಲ್ಲದಿದ್ದರೆ ಅಲ್ಲ ಅಂತ ಆಗುವುದಿಲ್ಲ. ಅದು ಇನ್ನೂ ಮೊಟ್ಟೆ ಇಡದೇ ಇರಬಹುದು. ಕಪ್ಪು ವಿಡೋಗಳ ಚೀಲಕ್ಕೆ ಮುಳ್ಳೇ ಇರುವುದಿಲ್ಲ, ನಯವಾದ ಗೋಲಿ. ಮರಿಗಳು ಮತ್ತು ಗಂಡು ಚಿಕ್ಕವು, ಮೈ ಮೇಲೆ ಬೇರೆಯೇ ಗೀರುಗಳು, ಅವನ್ನು ಫೋಟೋದಲ್ಲಿ ಗುರುತಿಸಲು ನಾನು ಹೋಗುವುದಿಲ್ಲ. ನಿಖರವಾಗಿ ಜಾತಿ ಹೇಳಲು ಎಷ್ಟೋ ಜೇಡಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಜನನಾಂಗ ನೋಡಬೇಕು. ನಮಗೆ ಅಷ್ಟು ಬೇಡ. ಯಾವ ಗುಂಪು ಅಂತ ಗೊತ್ತಾದರೆ ಬಿಡಬೇಕಾ, ತೆಗೆಯಬೇಕಾ ಅಂತ ನಿರ್ಧರಿಸಬಹುದು.

"ಬ್ರೌನ್ ರೆಕ್ಲೂಸ್" ಫಾರ್ವರ್ಡ್ ಬಂದರೆ

ಕೊಳೆತ ಗಾಯದ ಚಿತ್ರ, ಬೆನ್ನ ಮೇಲೆ ಪಿಟೀಲಿನ ಗುರುತಿರುವ ಕಂದು ಜೇಡ. ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ ಅಲ್ವಾ? ಆ ಜೇಡದ ಊರು ಅಮೆರಿಕದ ಮಧ್ಯ ಮತ್ತು ದಕ್ಷಿಣ ಭಾಗ. ಅದರ ಸಂಬಂಧಿಯೊಂದು ಭಾರತದಲ್ಲಿ ದಾಖಲಾಗಿದೆ, ಆದರೆ ನಿಮ್ಮ ಗೋಡೆಯ ಮೇಲೆ ಅದೇ ಇರುವ ಸಾಧ್ಯತೆ ತೀರಾ ಕಡಿಮೆ. ಪಿಟೀಲು ನಂಬಬೇಡಿ. ಹುಡುಕಿದರೆ ಉದ್ದಗಾಲಿಯ ಮೈ ಮೇಲೂ ಅಂಥದ್ದೊಂದು ಕಾಣುತ್ತದೆ. ನೋಡಬೇಕಾದದ್ದು ಕಣ್ಣು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ರೆಕ್ಲೂಸ್‌ಗೆ ಆರು, ಎರಡೆರಡರಂತೆ ಮೂರು ಕಡೆ. ಇಲ್ಲೂ ಒಂದು ತಿರುವು ಇದೆ. ನಮ್ಮ ಮನೆಗಳಲ್ಲೇ ಇರುವ ಉಗುಳುವ ಜೇಡಕ್ಕೂ ಹೀಗೇ ಆರು ಕಣ್ಣು. ಅದರ ಮುಂಭಾಗ ಗುಮ್ಮಟದ ಹಾಗೆ ಹಿಂದಕ್ಕೆ ಉಬ್ಬಿರುತ್ತದೆ, ನಡಿಗೆ ಬಲು ನಿಧಾನ. ಅಂಟು ಉಗುಳಿ ಬೇಟೆಯನ್ನು ನೆಲಕ್ಕೆ ಅಂಟಿಸುವ ಈ ಪ್ರಾಣಿ ನಮಗೆ ಏನೂ ಮಾಡದು. ರೆಕ್ಲೂಸ್ ಮುಂಭಾಗ ಚಪ್ಪಟೆ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಬೆಳಿಗ್ಗೆ ಎದ್ದಾಗ ಕುತ್ತಿಗೆ ಮೇಲೆ ಗೀಚಿದಂತೆ ಉರಿಯುವ ಕೆಂಪು ಗುಳ್ಳೆ ಇದ್ದರೆ "ಜೇಡ ಹರಿದಿದೆ" ಅನ್ನುತ್ತಾರೆ. ಜೇಡ ಮೈ ಮೇಲೆ ಹರಿದರೆ ಗುಳ್ಳೆ ಏಳುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕಿತ್ತಳೆ-ಕಪ್ಪು ಪಟ್ಟೆಯ ಸಣ್ಣ ಹುಳವನ್ನು ನಿದ್ದೆಯಲ್ಲಿ ಉಜ್ಜಿದರೆ ಅದರ ರಸದಿಂದ ಇಂಥ ಗೀರು ಏಳುತ್ತದೆ. ಒಂದೇ ಬದಿಯಲ್ಲಿ ಸಾಲಾಗಿ ಗುಳ್ಳೆ ಎದ್ದು ನೋವಿದ್ದರೆ ಅದು ಸರ್ಪಸುತ್ತು ಇರಬಹುದು, ಬೇಗ ಡಾಕ್ಟರಿಗೆ ತೋರಿಸಿ.

ಅಕ್ಕನ ಕುರ್ಚಿಗೆ ಏನು ಮಾಡಿದೆವು

ರಾತ್ರಿಯೇ ಎರಡನೇ ಸುತ್ತು ಫೋಟೋ ತೆಗೆಸಿದೆ. ಭಾವ ಟಾರ್ಚ್ ಹಿಡಿದರು. ಅಕ್ಕ ಕುರ್ಚಿ ಅಲ್ಲಾಡಿಸದೆ, ಮೊಬೈಲನ್ನು ಪೊರಕೆ ಹಿಡಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಅಡಿಗೆ ತೂರಿಸಿ ವಿಡಿಯೋ ಮಾಡಿದಳು. ಈ ಉಪಾಯ ಅವಳದೇ, ನನಗೆ ಹೊಳೆದಿರಲಿಲ್ಲ. ಕೆಳಗಿನಿಂದ ತೆಗೆದದ್ದರಿಂದ ಮೊದಲು ಕಂಡದ್ದು ಬೆನ್ನು. ಬೂದು-ಕಂದು, ತಿಳಿ ಗೀರುಗಳು. ಕಾಲಿನ ಕೀಲುಗಳಲ್ಲಿ ಕಪ್ಪು ಪಟ್ಟೆ. ಮೂರನೆಯ ಜೊತೆ ಕಾಲು ಗಿಡ್ಡ. ಮೊಬೈಲ್ ವಾಲಿಸಿದಾಗ ಹೊಟ್ಟೆಯ ಪಕ್ಕದಿಂದ ಕಿತ್ತಳೆ ಬಣ್ಣ ಇಣುಕಿತು. ಬುಡುಬುಡುಕೆ ಪೂರ್ತಿ ಕಾಣಲಿಲ್ಲ, ಅರ್ಧ ಕಂಡಿತು. ಮುಳ್ಳಿನ ಗೋಲಿ ಒಂದಲ್ಲ, ಮೂರು ಇದ್ದವು. ಜಾಗ, ಕಾಲು, ಚೀಲ ಮೂರೂ ಒಂದೇ ಕಡೆ ಬೆರಳು ಮಾಡಿದವು. ಅರ್ಧ ಬುಡುಬುಡುಕೆ ಸಾಕಾಯಿತು.

ಬ್ರೌನ್ ವಿಡೋ ಮೈಮೇಲೆ ಬರುವ ಜೇಡವಲ್ಲ. ಬಲೆ ಮುಟ್ಟಿದರೆ ಕಾಲು ಮಡಚಿ ಕೆಳಗೆ ಬಿದ್ದು ಸತ್ತಂತೆ ಇರುತ್ತದೆ. ತೊಂದರೆ ಅದೇ, ಬಿದ್ದದ್ದು ಎಲ್ಲಿ ಅಂತ ಕಾಣದೆ ಬರಿಗಾಲಿಡುತ್ತೇವೆ. ಅದಕ್ಕೇ ಮೊದಲು ಕುರ್ಚಿ ಕೆಳಗೆ ಬಿಳಿ ಬಟ್ಟೆ ಹಾಸಿಸಿದೆ. ಶೂ, ದಪ್ಪ ಕೈಗವಸು, ಉದ್ದ ಕೋಲು. ಕೋಲಿನಿಂದ ಬಲೆ ಸುತ್ತಿ ಎಳೆದಾಗ ಜೇಡ ಬಟ್ಟೆ ಮೇಲೆ ಬಿತ್ತು. ಭಾವ ಅದರ ಮೇಲೆ ಖಾಲಿ ಡಬ್ಬ ಬೋರಲು ಹಾಕಿದರು. ಮಗು ಆಡುವ ಬಾಲ್ಕನಿ, ಹಾಗಾಗಿ ಅದನ್ನು ಕೊಂದರು. ನಾನು ಬೇಡ ಅನ್ನಲಿಲ್ಲ. ಮೂರು ಚೀಲಗಳನ್ನು ಶೂ ಅಡಿಯಲ್ಲಿ ಹೊಸಕಿಸಿದೆ. ಇದನ್ನು ಬಿಡುವ ಹಾಗಿಲ್ಲ. ಸ್ಪ್ರೇ ಹೊಡೆದರೆ ಚೀಲದೊಳಗಿನ ಮೊಟ್ಟೆಗೆ ತಾಗುವುದಿಲ್ಲ, ಕಸದ ಬುಟ್ಟಿಗೆ ಹಾಕಿದರೆ ಮರಿ ಅಲ್ಲೇ ಹೊರಗೆ ಬರುತ್ತದೆ.

ಒಂದು ವೇಳೆ ಕಚ್ಚಿದ್ದರೆ? ಬ್ರೌನ್ ವಿಡೋ ಕಡಿತದಲ್ಲಿ ಹೆಚ್ಚಾಗಿ ಕಚ್ಚಿದ ಜಾಗದಲ್ಲಿ ನೋವು, ಕೆಂಪು, ಅಷ್ಟೇ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬೇಕು. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನೋವು ಕಚ್ಚಿದ ಜಾಗ ಬಿಟ್ಟು ಮೇಲಕ್ಕೆ ಹರಡಿದರೆ, ಹೊಟ್ಟೆ ಅಥವಾ ಬೆನ್ನಿನ ಸ್ನಾಯು ಬಿಗಿದರೆ, ಬೆವರು, ವಾಂತಿ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಲಕ್ಷಣಕ್ಕೆ ಕಾಯದೆ ಹೋಗುವುದು ಒಳ್ಳೆಯದು. ಹೋಗುವಾಗ ಜೇಡದ ಫೋಟೋ ಜೊತೆಗಿರಲಿ, ಚೀಲದ್ದೂ ಇದ್ದರೆ ಇನ್ನೂ ಒಳ್ಳೆಯದು.

ಮೂರು ವಾರ ಬಿಟ್ಟು ಅಕ್ಕನಿಗೆ ಬಾಲ್ಕನಿಯ ಉಳಿದ ಕುರ್ಚಿ, ಹೂಕುಂಡಗಳ ಅಡಿಯನ್ನು ಅದೇ ಪೊರಕೆ-ಮೊಬೈಲಿನಿಂದ ಮತ್ತೊಮ್ಮೆ ನೋಡಲು ಹೇಳಿದೆ. ನಮಗೆ ಕಾಣದ ಚೀಲ ಎಲ್ಲಾದರೂ ಉಳಿದಿದ್ದರೆ ಅಷ್ಟೊತ್ತಿಗೆ ಮರಿ ಹೊರಬಿದ್ದಿರಬಹುದು ಅಂತ. ತುಳಸಿ ಕುಂಡದ ಅಂಚಿನಲ್ಲಿ ಒಂದು ಸಿಕ್ಕುಬಲೆ ಇತ್ತು. ಫೋಟೋ ಕಳಿಸುವ ಮುಂಚೆ ಅವಳೇ ಬರೆದಿದ್ದಳು: "ಚೀಲ ಕಂದು, ಹನಿ ತರ ಇದೆ, ಮುಳ್ಳಿಲ್ಲ. ಬಿಟ್ಟಿದ್ದೀನಿ."